ಮಳೆಗಾಲ ಕಳೆದ ಮೋಟಾರಿಗೆ ಮೊದಲು ಮೆಗ್ಗರ್

ಶೆಡ್ಡಿನಲ್ಲಿ ಇಡೀ ಮಳೆಗಾಲ ಕಳೆದ 10 ಎಚ್‌ಪಿ, 415 ವೋಲ್ಟ್ ಮೋಟಾರು ಹೊರಗಿನಿಂದ ಒಣಗಿದಂತೆ ಕಂಡರೂ ಅದರ ವೈಂಡಿಂಗ್ ತೇವ ಹೀರಿರುತ್ತದೆ. ಹಾಗೆಯೇ ಸ್ವಿಚ್ ಹಾಕಿದರೆ ಇನ್ಸುಲೇಷನ್ ಸೀಳಿ ಕರೆಂಟು ಬಾಡಿಗೆ ಹರಿಯಬಹುದು.

ಮೊದಲು ಸ್ಟಾರ್ಟರಿನಿಂದ ಬರುವ ವೈರುಗಳನ್ನು ಬಿಚ್ಚಬೇಕು. ಮೆಗ್ಗರಿನ ಒಂದು ತುದಿ ವೈಂಡಿಂಗ್ ಟರ್ಮಿನಲ್ಲಿಗೆ, ಇನ್ನೊಂದು ಬಣ್ಣ ಕೆರೆದ ಬಾಡಿ ಬೋಲ್ಟಿಗೆ. 500 ವೋಲ್ಟ್ ಡಿಸಿ ಕೊಟ್ಟು, ಸರಿಯಾಗಿ ಒಂದು ನಿಮಿಷಕ್ಕೆ ಓದಬೇಕು. ಮುಳ್ಳು ನಿಧಾನವಾಗಿ ಏರುವುದರಿಂದ ಅವಸರದ ಓದು ಸುಳ್ಳಾಗುತ್ತದೆ. ಇಂಥ ಮೋಟಾರಿಗೆ 40 ಡಿಗ್ರಿಯಲ್ಲಿ ಕನಿಷ್ಠ 5 ಮೆಗಾಓಮ್ ಬೇಕು. ಓದಿದ ಮೇಲೆ ಟರ್ಮಿನಲ್ಲನ್ನು ಬಾಡಿಗೆ ಮುಟ್ಟಿಸಿ ಉಳಿದ ಚಾರ್ಜ್ ಇಳಿಸದೆ ಕೈ ಹಾಕಬಾರದು.

0.8 ಮೆಗಾಓಮ್ ಬಂತೆನ್ನಿ. ಕವರ್ ಬಿಚ್ಚಿ, ಬಲ್ಬುಗಳ ಹದವಾದ ಶಾಖದಲ್ಲಿ ಒಣಗಿಸಬೇಕು. ಆರಂಭದಲ್ಲಿ ಓದು ಇನ್ನೂ ಇಳಿಯುತ್ತದೆ. ಇಲ್ಲೇ ಹಲವರು ಮೋಟಾರು ಕೆಟ್ಟಿತೆಂದು ರಿವೈಂಡಿಂಗಿಗೆ ಒಯ್ಯುತ್ತಾರೆ, ಅದು ದುಡುಕು. ಬಿಸಿಯಾದಷ್ಟೂ ಇನ್ಸುಲೇಷನ್ ರೋಧ ಕುಗ್ಗುತ್ತದೆ, ಪ್ರತಿ 10 ಡಿಗ್ರಿಗೆ ಸುಮಾರು ಅರ್ಧದಷ್ಟು. ತೇವ ಹೊರಟಂತೆ ಓದು ಏರಿ, ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಏರದೇ ಸೊನ್ನೆಯ ಬಳಿಯೇ ಉಳಿದರೆ ಮಾತ್ರ ರಿವೈಂಡಿಂಗ್ ಯೋಚಿಸಿ. ಆದರೆ ಒಂದೇ ಕಾಯಿಲಿನ ಸುತ್ತುಗಳ ನಡುವಿನ ಶಾರ್ಟನ್ನು ಈ ಪರೀಕ್ಷೆ ಹಿಡಿಯದು.