ಒಂದು ಪಂಪು, ಎರಡು ಲಾಭದ ದರ

ಷಿಕಾಗೊ ವಿಶ್ವವಿದ್ಯಾಲಯದ ಜೇಮ್ಸ್ ಲೋರಿ ಮತ್ತು ಲಿಯೊನಾರ್ಡ್ ಸ್ಯಾವೇಜ್ 1955ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಎಣ್ಣೆ ಬಾವಿಯೊಂದರ ಲೆಕ್ಕವಿದೆ. ಬಾವಿಯಲ್ಲಿರುವ ಪಂಪು ಎರಡು ವರ್ಷ, ವರ್ಷಕ್ಕೆ 10,000 ಡಾಲರಿನ ಎಣ್ಣೆ ಎತ್ತುತ್ತದೆ. 1,600 ಡಾಲರ್ ಹೆಚ್ಚು ಕೊಟ್ಟು ದೊಡ್ಡ ಪಂಪು ಹಾಕಿದರೆ ಅಷ್ಟೂ ಎಣ್ಣೆ ಮೊದಲ ವರ್ಷವೇ ಮೇಲೆ ಬರುತ್ತದೆ. ಅಂದರೆ ಇಂದು 1,600 ಹೋಗುತ್ತದೆ, ಒಂದು ವರ್ಷಕ್ಕೆ 10,000 ಹೆಚ್ಚಾಗಿ ಬರುತ್ತದೆ, ಎರಡನೆಯ ವರ್ಷ ಬರಬೇಕಿದ್ದ 10,000 ತಪ್ಪುತ್ತದೆ. ಈ ಹೆಚ್ಚುವರಿ ಹೂಡಿಕೆಯ ಲಾಭದ ದರ ಎಷ್ಟು?

ಇಂಥ ಪ್ರಶ್ನೆಗೆ ಹಣಕಾಸಿನವರು ಬಳಸುವ ಅಳತೆ ಆಂತರಿಕ ಆದಾಯ ದರ, ಅವರ ಬಾಯಲ್ಲಿ ಐಆರ್‌ಆರ್. ಮುಂದೆ ಬರುವ, ಹೋಗುವ ಹಣವನ್ನೆಲ್ಲ ಯಾವ ಬಡ್ಡಿ ದರದಲ್ಲಿ ಇಂದಿನ ಬೆಲೆಗೆ ಇಳಿಸಿದರೆ ಒಟ್ಟು ಮೊತ್ತ ಸೊನ್ನೆಯಾಗುತ್ತದೋ ಅದೇ ಆ ದರ. ಪಂಪಿನ ಲೆಕ್ಕದಲ್ಲಿ ಮಾತ್ರ ಎರಡು ಉತ್ತರ ಸಿಗುತ್ತವೆ: ಶೇ 25 ಮತ್ತು ಶೇ 400.

ಎರಡೂ ತಾಳೆಯಾಗುತ್ತವೆ. ಶೇ 25ರಲ್ಲಿ 1,600 ವರ್ಷಕ್ಕೆ 2,000 ಆಗುತ್ತದೆ. ಬಂದ 10,000ದಲ್ಲಿ ಅದನ್ನು ಕಳೆದರೆ ಉಳಿಯುವುದು 8,000. ಅದು ಅದೇ ದರದಲ್ಲಿ ಬೆಳೆದು 10,000 ಆಗಿ, ಎರಡನೆಯ ವರ್ಷದ ಕೊರತೆಯನ್ನು ತುಂಬುತ್ತದೆ. ಶೇ 400ರಲ್ಲಿ 1,600 ಐದು ಪಟ್ಟಾಗಿ 8,000 ಆಗುತ್ತದೆ, ಕೈಯಲ್ಲಿ ಉಳಿಯುವುದು 2,000. ಅದೂ ಐದು ಪಟ್ಟಾದರೆ ಮತ್ತೆ 10,000!

ಗುಟ್ಟು ಇಲ್ಲಿದೆ. ಮೊದಲ ವರ್ಷ ಮಾಲೀಕ ಪಂಪಿಗೆ ಹಣ ಹಾಕಿದವನು. ಎರಡನೆಯ ವರ್ಷ ಅವನು ಪಂಪಿನಿಂದ ಸಾಲ ಪಡೆದವನಂತೆ ಆಗುತ್ತಾನೆ, ಏಕೆಂದರೆ ಮುಂದೆ ಕಳೆದುಕೊಳ್ಳಬೇಕಾದ ಹಣ ಅವನ ಕೈಯಲ್ಲಿದೆ. ಹೂಡಿದವನಿಗೆ ದರ ಹೆಚ್ಚಿದ್ದರೆ ಲಾಭ, ಸಾಲ ಪಡೆದವನಿಗೆ ಕಡಿಮೆಯಿದ್ದರೆ ಲಾಭ. ಐಆರ್‌ಆರ್ ಎರಡಕ್ಕೂ ಒಂದೇ ದರ ಹಾಕುವುದರಿಂದ ಸಮತೋಲ ಎರಡು ಕಡೆ ಸಿಗುತ್ತದೆ. ಹಣದ ಸಾಲಿನಲ್ಲಿ ಋಣ, ಧನ ಚಿಹ್ನೆ ಎಷ್ಟು ಸಲ ಬದಲಾಗುತ್ತದೋ ಹೆಚ್ಚೆಂದರೆ ಅಷ್ಟು ಉತ್ತರಗಳು ಬರಬಹುದು. ಇದು 17ನೆಯ ಶತಮಾನದಲ್ಲಿ ಡೇಕಾರ್ಟ್ ಕೊಟ್ಟ ಸೂತ್ರದ ಫಲ. ಇಲ್ಲಿ ಬದಲಾವಣೆ ಎರಡು. ಕೊನೆಯಲ್ಲಿ ಭೂಮಿಯನ್ನು ಸರಿಪಡಿಸಲು ದೊಡ್ಡ ಖರ್ಚು ಬೀಳುವ ಗಣಿಗಳ ಲೆಕ್ಕದಲ್ಲೂ ಹೀಗಾಗಬಹುದು.

ಎಕ್ಸೆಲ್‌ನಲ್ಲಿ ಈ ಮೂರು ಅಂಕಿಗಳಿಗೆ `=IRR(A1:A3)` ಎಂದರೆ ಶೇ 25 ಬರುತ್ತದೆ, `=IRR(A1:A3,3)` ಎಂದರೆ ಶೇ 400. ಹುಡುಕಾಟ ಯಾವ ಊಹೆಯಿಂದ ಶುರುವಾಗುತ್ತದೋ ಅದನ್ನು ಅವಲಂಬಿಸಿ ಅದು ಒಂದು ಉತ್ತರವನ್ನು ತೋರಿಸುತ್ತದೆ. ಇನ್ನೊಂದು ಇದೆಯೆಂದು ಎಚ್ಚರಿಸುವುದಿಲ್ಲ.

ಮಾಲೀಕನಿಗೆ ಹಣ ನಿಜವಾಗಿ ಶೇ 10ರ ಬಡ್ಡಿಗೆ ಸಿಗುತ್ತದೆ, ಅದೇ ದರಕ್ಕೆ ಬೆಳೆಯುತ್ತದೆ ಎಂದುಕೊಳ್ಳೋಣ. 1,600 ಈಗ 1,760 ಆಗುತ್ತದೆ, ಉಳಿದ 8,240 ಬೆಳೆದು 9,064 ಮುಟ್ಟುತ್ತದೆ. 936 ಡಾಲರ್ ಕೊರತೆ! ಎರಡು ಐಆರ್‌ಆರ್‌ಗಳೂ ಶೇ 10ಕ್ಕಿಂತ ಮೇಲಿದ್ದರೂ ಪಂಪು ನಷ್ಟದ್ದೇ.

ಹಾಗಾಗಿ ಯೋಜನೆಯೊಂದರ ಐಆರ್‌ಆರ್ ನೋಡುವ ಮೊದಲು ಹಣದ ಸಾಲಿನ ಚಿಹ್ನೆಗಳನ್ನು ಎಣಿಸಿ. ಒಂದಕ್ಕಿಂತ ಹೆಚ್ಚು ಸಲ ಬದಲಾಗಿದ್ದರೆ ಆ ಶೇಕಡಾವಾರನ್ನು ಬದಿಗಿಟ್ಟು, ನಿಮಗೆ ಹಣ ನಿಜವಾಗಿ ಸಿಗುವ ದರದಲ್ಲಿ ಇಂದಿನ ಮೌಲ್ಯವನ್ನು ಲೆಕ್ಕ ಹಾಕಿ ನಿರ್ಧರಿಸಿ.