ನೀಟ್ ಹುಡುಗನ ಊಟದ ಹೊತ್ತು

ಖಾಲಿದಿಯಾದಲ್ಲಿ ನಮ್ಮ ಪಕ್ಕದ ಫ್ಲಾಟಿನ ಹುಡುಗ ನೀಟ್‌ಗೆ ಅಂತ ದಿನಾ ಹತ್ತು ಗಂಟೆ ಕೂತು ಓದ್ತಾನೆ. "ಒಂದು ಗಂಟೆಗೆ ಅನ್ನ-ಸಾರು ಉಂಡ್ರೆ ಎರಡಕ್ಕೆ ತೂಕಡಿಸ್ತಾನೆ ಕಣಪ್ಪಾ" ಅಂತ ಅವನ ಅಮ್ಮ.

ನಾನು ಗಡಿಯಾರ ತೋರಿಸಿದೆ. 2025ರ ನೀಟ್ ಭಾರತದಲ್ಲಿ ಮಧ್ಯಾಹ್ನ 2ರಿಂದ 5ರವರೆಗೆ ಇತ್ತು, ಅಂದ್ರೆ ಇಲ್ಲಿ 12.30ರಿಂದ 3.30. ಸರಿಯಾಗಿ ನಿದ್ದೆಯ ಹೊತ್ತು!

ಈಗ ಊಟ 11ಕ್ಕೆ: ಒಂದು ಚಪಾತಿ, ಒಂದು ಸೌಟು ಅನ್ನ, ಜಾಸ್ತಿ ಪಲ್ಯ, ಮೊಸರು. ಉಂಡ ಕೂಡಲೇ ಕಾರಿಡಾರಿನಲ್ಲಿ ಹತ್ತು ನಿಮಿಷ ನಡಿಗೆ. ಕಾಲಿನ ಸ್ನಾಯು ಸಕ್ಕರೆ ಎಳ್ಕೊಳ್ಳೋದ್ರಿಂದ ರಕ್ತದಲ್ಲಿ ಅದು ಒಮ್ಮೆಲೇ ಏರಲ್ಲ. (ಜೂನಲ್ಲಿ ಹಗಲು ಹೊತ್ತು ಕಾರ್ನಿಶ್ ಕಡೆ ತಲೆ ಹಾಕೋ ಹಾಗಿಲ್ಲ ಬಿಡಿ.) ಆಮೇಲೆ ಏಳದೆ ಮೂರು ಗಂಟೆ ಮಾಡೆಲ್ ಪೇಪರ್. ಉಳಿದ ಹೊತ್ತು ಐವತ್ತು ನಿಮಿಷಕ್ಕೊಮ್ಮೆ ಹದಿನೈದು ಬಸ್ಕಿ.

ಮೊದಲ ವಾರ ಮೂರಕ್ಕೇ ಹಸಿವಾಗಿ ಕೊನೇ ಪ್ರಶ್ನೆಗಳು ಎಡವಟ್ಟಾದವು. ಈಗ ಊಟಕ್ಕೆ ಎರಡು ಮೊಟ್ಟೆ ಸೇರಿವೆ.