ನಾಲ್ಕನೇ ಪ್ಯಾರಾದಲ್ಲಿದ್ದ ಸುದ್ದಿ

ಪತ್ರಿಕಾ ಕಚೇರಿಗೆ ದಿನವೂ ಬರುವ ಪ್ರೆಸ್ ನೋಟ್‌ಗಳಲ್ಲಿ ಬಹುಪಾಲು ಅಚ್ಚಾಗುವುದೇ ಇಲ್ಲ. ಏಕೆಂದು ಚೆನ್ನಾಗಿ ಬಲ್ಲವರು ಅವನ್ನು ಪಕ್ಕಕ್ಕಿಟ್ಟ ವರದಿಗಾರರು. ಕಂಪನಿಯೊಂದರ ಸಂವಹನ ವಿಭಾಗ ಸೇರುವ ಪತ್ರಕರ್ತರಿಗೆ ಈ ತಿಳಿವಳಿಕೆಯೇ ಮೊದಲ ಬಂಡವಾಳ.

ಈ ದಾರಿ ಹಳೆಯದು. ನ್ಯೂಯಾರ್ಕಿನಲ್ಲಿ ವರದಿಗಾರರಾಗಿದ್ದ ಐವಿ ಲೀ 1906ರಲ್ಲಿ ಪೆನ್ಸಿಲ್ವೇನಿಯಾ ರೈಲ್ವೆಗಾಗಿ ಕೆಲಸ ಮಾಡುತ್ತಿದ್ದರು. ಆ ವರ್ಷದ ಅಕ್ಟೋಬರ್‌ನಲ್ಲಿ ಅಟ್ಲಾಂಟಿಕ್ ಸಿಟಿ ಬಳಿ ರೈಲು ಸೇತುವೆಯಿಂದ ನೀರಿಗೆ ಬಿದ್ದು 50ಕ್ಕೂ ಹೆಚ್ಚು ಜನ ಸತ್ತರು. ಅಪಘಾತವನ್ನು ಮುಚ್ಚಿಡುವುದು ಆಗಿನ ರೈಲ್ವೆಗಳ ರೂಢಿ. ವದಂತಿ ಹಬ್ಬುವ ಮೊದಲೇ ಲೀ ನಡೆದದ್ದನ್ನು ಬರೆದು ಪತ್ರಿಕೆಗಳಿಗೆ ಕೊಟ್ಟರು. ಮೊದಲ ಪ್ರೆಸ್ ನೋಟ್ ಅದೇ ಎಂದು ಹಲವರು ಹೇಳುತ್ತಾರೆ.

ಇಂದಿನ ಸಂದರ್ಶನದಲ್ಲಿ ಇದನ್ನು ತೋರಿಸುವುದು ಹೇಗೆ? ಬೆಂಗಳೂರಿನಲ್ಲಿ ಎಂಟು ವರ್ಷ ಆರೋಗ್ಯ ಬೀಟ್ ನೋಡಿದ ವರದಿಗಾರ್ತಿಯೊಬ್ಬರು ಆಸ್ಪತ್ರೆಯೊಂದಕ್ಕೆ ಅರ್ಜಿ ಹಾಕಿದ್ದಾರೆ ಎಂದುಕೊಳ್ಳಿ. ಇನ್ನೂರು ಬೈಲೈನ್‌ಗಳ ದಪ್ಪ ಫೈಲನ್ನು ಯಾರೂ ತಿರುವಿ ಹಾಕುವುದಿಲ್ಲ. ಐದನ್ನು ಆರಿಸಿ, ಪ್ರತಿಯೊಂದರ ಕೆಳಗೂ ಸುದ್ದಿ ಸಿಕ್ಕಿದ್ದು ಹೇಗೆ, ಖಚಿತಪಡಿಸಿಕೊಂಡದ್ದು ಯಾರಿಂದ, ಎಷ್ಟು ಹೊತ್ತಿನಲ್ಲಿ ಎಂದು ಮೂರು ಸಾಲು ಬರೆದರೆ ಸಾಕು. ಡೆಂಗಿ ರೋಗಿಗಳಿಗೆ ಹಾಸಿಗೆ ಸಿಗುತ್ತಿಲ್ಲವೆಂಬ ವರದಿಯ ಕೆಳಗೆ ಹೀಗಿರಬಹುದು: ‘ಸಂಜೆ 4ಕ್ಕೆ ಸುಳಿವು, ಮೂರು ಆಸ್ಪತ್ರೆಗಳಲ್ಲಿ ವಿಚಾರಣೆ, 7ಕ್ಕೆ ಇಲಾಖೆಯ ಪ್ರತಿಕ್ರಿಯೆ, 8ಕ್ಕೆ ಡೆಸ್ಕಿಗೆ ಕಾಪಿ.’ ಮಾತಾಡಲು ಮನಸ್ಸಿಲ್ಲದವರಿಂದ ನಾಲ್ಕು ಗಂಟೆಯಲ್ಲಿ ನಿಜ ಸಂಗತಿ ಹೊರಡಿಸುವ ಈ ಕೆಲಸವೇ ಆಸ್ಪತ್ರೆಗೂ ಬೇಕಾದದ್ದು. ಅವಘಡ ನಡೆದ ದಿನ ಒಳಗಿನ ವೈದ್ಯರು, ಆಡಳಿತದವರು, ವಕೀಲರಿಂದ ಅದನ್ನೇ ಹೊರಡಿಸಬೇಕು.

ಇನ್ನೊಂದು ಪರೀಕ್ಷೆ ಬರವಣಿಗೆಯದು. ಆಸ್ಪತ್ರೆಯ ಹಳೆಯ ಪ್ರೆಸ್ ನೋಟ್ ಅಧ್ಯಕ್ಷರ ಕನಸಿನಿಂದ ಶುರುವಾಗಿ, ದೀಪ ಬೆಳಗಿಸಿದವರ ಹೆಸರು ದಾಟಿ, ನಾಲ್ಕನೇ ಪ್ಯಾರಾದಲ್ಲಿ ರಾತ್ರಿ 11ರವರೆಗೂ ಡಯಾಲಿಸಿಸ್ ಲಭ್ಯ ಎನ್ನುತ್ತದೆ. ವರದಿಗಾರ್ತಿಯ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ಕೂಲಿ ಬಿಡದೆ ಚಿಕಿತ್ಸೆ ಪಡೆಯಬಹುದೆಂಬುದು ಲೀಡ್‌ಗೆ ಏರುತ್ತದೆ, ದೀಪ ಕೊನೆಗಿಳಿಯುತ್ತದೆ.

ಹಳೆಯ ಅಭ್ಯಾಸಗಳಲ್ಲಿ ಅಪಾಯವೂ ಉಂಟು. ‘ಎಕ್ಸ್‌ಕ್ಲೂಸಿವ್’ ಎಂದು ಸ್ನೇಹಿತರಿಗೆ ಮೊದಲೇ ಸುಳಿವು ಕೊಡುವ ಆಸೆ ಅದರಲ್ಲೊಂದು. ಷೇರುಪೇಟೆಯಲ್ಲಿರುವ ಕಂಪನಿಯಾದರೆ, ಷೇರಿನ ಬೆಲೆ ಏರಿಳಿಸಬಲ್ಲ ಸಂಗತಿ ಬಹಿರಂಗವಾಗುವ ಮೊದಲು ಹೊರಗೆ ಹೇಳುವುದು ಸೆಬಿಯ 2015ರ ನಿಯಮಗಳ ಪ್ರಕಾರ ತಪ್ಪು. ಸುದ್ದಿ ಮೊದಲು ಷೇರು ವಿನಿಮಯ ಕೇಂದ್ರಕ್ಕೆ ಹೋಗಬೇಕು. ಹಳೆಯ ಸಹೋದ್ಯೋಗಿಗಳಲ್ಲಿ ‘ಇದೊಂದು ಹಾಕಿಬಿಡಿ’ ಎಂದು ಬೇಡುವುದೂ ಬೇಡ, ಹಾಗೆ ಬೇಡಿದವರ ಮುಂದಿನ ಪ್ರೆಸ್ ನೋಟನ್ನು ಡೆಸ್ಕ್ ಅನುಮಾನದಿಂದಲೇ ತೆರೆಯುತ್ತದೆ.

ಸಂಜೆ 6ಕ್ಕೆ ವರದಿಗಾರನ ಕರೆ ಬಂದಾಗ ಉತ್ತರ ಗೊತ್ತಿಲ್ಲದಿದ್ದರೆ, ‘ವಿಚಾರಿಸಿ 7ಕ್ಕೆ ಹೇಳುತ್ತೇನೆ’ ಎಂದು ಹೇಳಿ, 7ಕ್ಕೆ ತಪ್ಪದೆ ಫೋನ್ ಮಾಡಬೇಕು. ಪುಟ ಮುಗಿಯುವ ಹೊತ್ತು ಏನೆಂದು ಬಲ್ಲವರು ಅದನ್ನು ಮರೆಯಬಾರದು.